'ಸಡಿಲ ನಂಟಿನ ಬಲ': ಐದು ವಾಕ್ಯಗಳಲ್ಲಿ ಒಂದು ಲೇಖನದ ವಾದ

ಕನ್ನಡ ಎಂ.ಎ. ಸೆಮಿನಾರ್, ಕಲೀನಾ ಕ್ಯಾಂಪಸ್, ಮುಂಬೈ
ಈ ವಾರದ ವಿಷಯ: ವಲಸೆ ಬಂದವರ ನಂಟು
ಓದಿದ ಲೇಖನ: ಮಾರ್ಕ್ ಗ್ರಾನೊವೆಟರ್, 'ದಿ ಸ್ಟ್ರೆಂತ್ ಆಫ್ ವೀಕ್ ಟೈಸ್', ಅಮೆರಿಕನ್ ಜರ್ನಲ್ ಆಫ್ ಸೋಷಿಯಾಲಜಿ, ಸಂಪುಟ 78, 1973

ಲೇಖನದ ವಾದ

ಸಣ್ಣ ಗುಂಪಿನೊಳಗೆ ಏನು ನಡೆಯುತ್ತದೆ, ಇಡೀ ಸಮಾಜದಲ್ಲಿ ಏನು ನಡೆಯುತ್ತದೆ ಎಂದು ಸಮಾಜಶಾಸ್ತ್ರ ಬೇರೆ ಬೇರೆಯಾಗಿ ನೋಡಿದೆ, ಆದರೆ ಇವೆರಡನ್ನೂ ಸೇರಿಸುವ ಕೊಂಡಿಯನ್ನು ಜನರ ನಡುವಿನ ನಂಟಿನಲ್ಲಿ ಹುಡುಕಬೇಕು ಎನ್ನುತ್ತಾರೆ ಗ್ರಾನೊವೆಟರ್. ಒಟ್ಟಿಗೆ ಕಳೆದ ಸಮಯ, ಪ್ರೀತಿಯ ತೀವ್ರತೆ, ಮನಸ್ಸು ಬಿಚ್ಚಿ ಮಾತಾಡುವ ಸಲಿಗೆ, ಒಬ್ಬರಿಗೊಬ್ಬರು ಮಾಡುವ ಸಹಾಯ, ಇವು ಸೇರಿ ನಂಟು ಬಿಗಿಯಾಗುತ್ತದೆ, ಹಾಗೆ ಬಿಗಿಯಾದಷ್ಟೂ ಆ ಇಬ್ಬರಿಗೂ ಒಂದೇ ಗೆಳೆಯರಿರುವುದು ಜಾಸ್ತಿ. ಆದ್ದರಿಂದ ಎರಡು ಗುಂಪುಗಳ ನಡುವೆ ಇರುವ ಒಂದೇ ದಾರಿ, ಅಂದರೆ ಸೇತುವೆ, ಬಿಗಿ ನಂಟಾಗಿರುವುದು ತೀರಾ ಅಪರೂಪ, ಮತ್ತು ಹೊಸ ಸುದ್ದಿ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವುದು ಸಡಿಲ ನಂಟಿನ ಮೂಲಕವೇ. ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟವರನ್ನು ಆಗ ಪದೇ ಪದೇ ನೋಡುತ್ತಿದ್ದವರು ಶೇಕಡಾ 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು 55.6, ವರ್ಷಕ್ಕೊಮ್ಮೆಯೋ ಅದಕ್ಕೂ ಕಡಿಮೆಯೋ ನೋಡುತ್ತಿದ್ದವರು 27.8. ಹೀಗೆ ಸಡಿಲ ನಂಟು ಒಬ್ಬರಿಗೆ ಅವಕಾಶ ತರುತ್ತದೆ, ಬಡಾವಣೆಯನ್ನು ಒಗ್ಗೂಡಿಸುತ್ತದೆ, ಬರೀ ಬಿಗಿ ನಂಟಿದ್ದರೆ ಒಳಗೊಳಗೆ ಗಟ್ಟಿಯಾದ, ಒಂದಕ್ಕೊಂದು ಸೇರದ ತುಂಡುಗಳಷ್ಟೇ ಉಳಿಯುತ್ತವೆ.

ಮೂರನೇ ವಾಕ್ಯದ ಬಗ್ಗೆ

ಇಡೀ ಲೇಖನ ನಿಂತಿರುವುದು ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲತಾಗೆ ಸುಜಾತಾ ಜೀವದ ಗೆಳತಿ, ಮೀನಾ ಕೂಡ ಜೀವದ ಗೆಳತಿ. ಹಾಗಿದ್ದಾಗ ಸುಜಾತಾ, ಮೀನಾ ಇಬ್ಬರಿಗೂ ಮುಖಪರಿಚಯವೇ ಇಲ್ಲ ಎನ್ನುವುದನ್ನು ನಂಬುವುದು ಕಷ್ಟ, ಅಲ್ವಾ? ಲತಾಳ ಮನೆಯಲ್ಲಿ ಎಂದಾದರೂ ಎದುರಾಗಿಯೇ ಇರುತ್ತಾರೆ. ಅವರಿಬ್ಬರಿಗೆ ಪರಿಚಯವಾದ ಕೂಡಲೇ ಲತಾಳಿಂದ ಸುಜಾತಾಗೆ ಹೋಗಲು ಮೀನಾಳ ಮೂಲಕ ಇನ್ನೊಂದು ದಾರಿ ಆಯಿತು. ಎರಡು ದಾರಿ ಇದ್ದ ಮೇಲೆ ಲತಾ-ಸುಜಾತಾ ನಂಟು ಸೇತುವೆ ಅಲ್ಲ.

ಇದನ್ನು ತಿರುಗಿಸಿ ಓದಬೇಡಿ. ಸೇತುವೆಗಳು ಸಡಿಲ ನಂಟುಗಳು ನಿಜ, ಆದರೆ ಎಲ್ಲ ಸಡಿಲ ನಂಟೂ ಸೇತುವೆ ಅಲ್ಲ. ನಂಟಿನ ಬೆಲೆ ಅದು ಸಡಿಲವಾಗಿರುವುದರಿಂದ ಬರುವುದಿಲ್ಲ. ಅದು ಎಲ್ಲಿಂದ ಎಲ್ಲಿಗೆ ತಲುಪಿಸುತ್ತದೆ ಎಂಬುದರಿಂದ ಬರುತ್ತದೆ. ಗೆಳೆತನಕ್ಕಿಂತ ಪರಿಚಯ ದೊಡ್ಡದು ಎಂದು ಈ ಲೇಖನ ಎಲ್ಲೂ ಹೇಳುವುದಿಲ್ಲ.

ಪುರಾವೆ ಎಷ್ಟು ಗಟ್ಟಿ?

ನ್ಯೂಟನ್‌ನ ಆ ಶೇಕಡಾವಾರು ಲೆಕ್ಕ 54 ಜನರದ್ದು. ಅವರೂ ವೃತ್ತಿಪರರು, ತಾಂತ್ರಿಕ ಕೆಲಸದವರು, ಮ್ಯಾನೇಜರ್‌ಗಳು. ಕೂಲಿಯವರಿಗೂ ಇದು ಹೊಂದುತ್ತದೆ ಎಂದು ಇದೊಂದರಿಂದ ಹೇಳಲಾಗದು.

ಐದನೇ ವಾಕ್ಯದ ಹಿಂದೆ ಬಾಸ್ಟನ್‌ನ ಎರಡು ಬಡಾವಣೆಗಳ ಕಥೆ ಇದೆ. ಇಟಾಲಿಯನ್ ಮೂಲದವರು ಹೆಚ್ಚಿದ್ದ ವೆಸ್ಟ್ ಎಂಡ್, ನಗರ ನವೀಕರಣದ ಹೆಸರಿನಲ್ಲಿ ನೆಲಸಮವಾಯಿತು. ಒಳಗೆ ಅಷ್ಟು ಒಗ್ಗಟ್ಟಿದ್ದರೂ ಅವರಿಗೆ ಸೇರಿ ಹೋರಾಡಲು ಆಗಲಿಲ್ಲ. ಚಾರ್ಲ್ಸ್‌ಟೌನ್‌ನವರು ಸಂಘಟಿತರಾಗಿ ಎದುರು ನಿಂತರು. ಚಾರ್ಲ್ಸ್‌ಟೌನ್‌ನಲ್ಲಿ ಸಂಘಸಂಸ್ಥೆಗಳು ಜಾಸ್ತಿ, ಗಂಡಸರಲ್ಲಿ ಹೆಚ್ಚಿನವರು ಅಲ್ಲೇ ದುಡಿಯುತ್ತಿದ್ದರು. ವೆಸ್ಟ್ ಎಂಡ್‌ನಲ್ಲಿ ಎರಡೂ ಕಡಿಮೆ. ಸಡಿಲ ನಂಟು ಹುಟ್ಟುವ ಜಾಗಗಳೇ ಅಲ್ಲಿ ಇರಲಿಲ್ಲ ಎಂಬುದು ಗ್ರಾನೊವೆಟರ್ ಊಹೆ. ನನಗೆ ಈ ಊಹೆ ತುಂಬಾ ಹಿಡಿಸಿತು. ಆದರೆ ಅಲ್ಲಿ ಯಾರಿಗೆ ಯಾರ ಪರಿಚಯವಿತ್ತು ಎಂದು ಅಳೆದ ಲೆಕ್ಕ ಲೇಖಕರ ಕೈಯಲ್ಲಿ ಇಲ್ಲ. ಇದನ್ನು ನಾವು ಬಿಡದೆ ಕೇಳಬೇಕು.

ಚರ್ಚೆಗೆ

ದಕ್ಷಿಣ ಕನ್ನಡದಿಂದ ಮುಂಬೈಗೆ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಹೋಟೆಲಿನ ಮೊದಲ ಕೆಲಸ ಸಾಮಾನ್ಯವಾಗಿ ಮಾವನೋ ಊರಿನವರೋ ಕೊಡಿಸಿದ್ದು. ಅದು ಬಿಗಿ ನಂಟಿನ ಕೆಲಸ, ಲೇಖನಕ್ಕೆ ಎದುರು ನಿಲ್ಲುತ್ತದೆ. ಎರಡನೇ ಕೆಲಸ ಎಲ್ಲಿಂದ ಬಂತು? ಬೇರೆ ಹೋಟೆಲು, ಬೇರೆ ಜಾತಿ, ಬೇರೆ ಊರಿನ ಹುಡುಗರು ಒಂದೇ ಬೆಂಚಿನಲ್ಲಿ ಕೂತ ರಾತ್ರಿಶಾಲೆಯೇ ಅವರಿಗೆ ಸೇತುವೆಯಾಯಿತೇ? ನಮ್ಮ ಮನೆಯ ಹಿರಿಯರಲ್ಲಿ ಇದನ್ನು ಕೇಳಿ ಬಂದರೆ ಚರ್ಚೆಗೆ ನಿಜವಾದ ಸಾಮಗ್ರಿ ಸಿಗುತ್ತದೆ.

ಇನ್ನೊಂದು ಪ್ರಶ್ನೆ. ಮುಂಬೈಯಲ್ಲಿ ಕನ್ನಡಿಗರ ಸಂಘಗಳು ಬಹಳ, ಅವುಗಳಲ್ಲಿ ಹಲವು ಜಾತಿ ಸಂಘಗಳು. ಒಂದೇ ಜಾತಿಯವರಷ್ಟೇ ಸೇರುವ ಸಂಘವನ್ನು ಚಾರ್ಲ್ಸ್‌ಟೌನ್ ಕಡೆ ಇಡುವುದೇ, ವೆಸ್ಟ್ ಎಂಡ್ ಕಡೆ ಇಡುವುದೇ?