ದೆಹಲಿ–ಆಗ್ರಾ–ಜೈಪುರ: ಏಜೆಂಟ್ ಜೊತೆಗಿನ ಫೋನ್ ಮಾತುಕತೆಯ ಸಾರಾಂಶ

ಅಕ್ಕಾ, ಜನವರಿ 5ರಂದು ಟ್ರಾವೆಲ್ ಏಜೆಂಟ್ ಜೊತೆ ಮಾತಾಡಿದ್ದರ ಸಾರ ಇದು. ರೆಕಾರ್ಡ್ ಮಾಡ್ತೀನಿ ಅಂತ ಅವರಿಗೆ ಮೊದಲೇ ಹೇಳಿದ್ದೆ, ಒಪ್ಪಿದ್ದರು. ಒಟ್ಟು 22 ನಿಮಿಷ. ಎರಡು ಸಲ ಕೇಳಿ ಬರೆದಿದ್ದೇನೆ.

ಪ್ರವಾಸ (2026ರ ಫೆಬ್ರವರಿ 11ರಿಂದ 15)

ಬುಧವಾರ ಬೆಳಗ್ಗೆ ದೆಹಲಿ ಏರ್‌ಪೋರ್ಟಿಗೆ ಕಾರು ಬರುತ್ತದೆ. ಅವತ್ತು ಕೆಂಪು ಕೋಟೆ, ಹುಮಾಯೂನ್ ಸಮಾಧಿ, ರಾತ್ರಿ ದೆಹಲಿಯಲ್ಲೇ. ಅವರು ತಾಜ್ ಮಹಲನ್ನು ಶುಕ್ರವಾರಕ್ಕೆ ಇಟ್ಟಿದ್ದರು. ಶುಕ್ರವಾರ ತಾಜ್ ಮುಚ್ಚಿರುತ್ತದೆ, ಅಲ್ವಾ? ಹೇಳಿದ ಮೇಲೆ ಗುರುವಾರಕ್ಕೆ ಬದಲಿಸಿದರು. ಹಾಗಾಗಿ ಗುರುವಾರ ಬೆಳಗ್ಗೆ 6ಕ್ಕೇ ಹೊರಡಬೇಕು. ತಾಜ್ ಬಾಗಿಲವರೆಗೆ ಕಾರು ಬಿಡುವುದಿಲ್ಲ, ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ. ಶುಕ್ರವಾರ ಆಗ್ರಾ ಕೋಟೆ, ದಾರಿಯಲ್ಲಿ ಫತೇಪುರ್ ಸಿಕ್ರಿ, ರಾತ್ರಿಗೆ ಜೈಪುರ. ಶನಿವಾರ ಅಂಬರ್ ಕೋಟೆ, ಹವಾ ಮಹಲ್, ಜಂತರ್ ಮಂತರ್. ಭಾನುವಾರ ದೆಹಲಿಗೆ ವಾಪಸ್, ಸಂಜೆ ವಿಮಾನ.

ಅಪ್ಪನ ಮಂಡಿ ನೋವಿನ ಬಗ್ಗೆ ಕೇಳಿದೆ. ಅಂಬರ್ ಕೋಟೆಗೆ ಜೀಪ್ ಸಿಗುತ್ತದೆ, ದುಡ್ಡು ನಾವೇ ಕೊಡಬೇಕು. ಮೂರೂ ಹೋಟೆಲಲ್ಲಿ ಲಿಫ್ಟ್ ಇದೆ ಎಂದರು. "ಆ ಹೋಟೆಲ್ ಸಿಗದಿದ್ದರೆ ಅದೇ ದರ್ಜೆಯದು" ಅಂತಲೂ ಸೇರಿಸಿದರು. ಆಗಲೂ ಲಿಫ್ಟ್ ಇರಲೇಬೇಕು ಅಂತ ಹೇಳಿದ್ದೇನೆ.

ಖರ್ಚು

ಒಬ್ಬರಿಗೆ ₹18,500. ನಾಲ್ವರಿಗೆ ₹74,000, ಅದರ ಮೇಲೆ 5% ಜಿಎಸ್‌ಟಿ ₹3,700. ಒಟ್ಟು ₹77,700. ಮುಂಗಡ ₹25,000, ಉಳಿದ ₹52,700 ಜನವರಿ 27ರೊಳಗೆ. ಇದರಲ್ಲಿ ಎರಡು ರೂಮು, ಬೆಳಗಿನ ತಿಂಡಿ, ಕಾರು, ಡ್ರೈವರ್ ಬತ್ತಾ, ಟೋಲ್ ಸೇರಿವೆ. ವಿಮಾನದ ಟಿಕೆಟ್, ಎರಡು ಹೊತ್ತಿನ ಊಟ, ಪ್ರವೇಶ ಟಿಕೆಟ್, ಗೈಡ್ ಸೇರಿಲ್ಲ. ತಾಜ್ ಒಂದಕ್ಕೇ ಸಮಾಧಿಯ ಒಳಗೆ ಹೋಗುವುದೂ ಸೇರಿ ತಲಾ ₹250 ಆಗುತ್ತದೆ.

ರದ್ದು ಮಾಡಿದರೆ

ಜನವರಿ 12ರವರೆಗೆ ಒಟ್ಟು ಮೊತ್ತದ 10% ಕಡಿತ, ಅಂದರೆ ₹7,770. ಜನವರಿ 13ರಿಂದ 27ರವರೆಗೆ 25%, ₹19,425. ಜನವರಿ 28ರಿಂದ ಫೆಬ್ರವರಿ 4ರವರೆಗೆ ಅರ್ಧ, ₹38,850. ಆಮೇಲೆ ಏನೂ ವಾಪಸ್ ಬರುವುದಿಲ್ಲ. ಜನವರಿ 27ರೊಳಗೆ ಹೇಳಿದರೆ ಒಂದು ಸಲ ದಿನಾಂಕ ಮುಂದಕ್ಕೆ ಹಾಕಬಹುದು. ಹೋಟೆಲ್ ದರ ಏರಿದ್ದರೆ ವ್ಯತ್ಯಾಸ ನಾವು ಕೊಡಬೇಕು. ಮಂಜಿನಿಂದ ವಿಮಾನ ತಡವಾಗಿ ಒಂದು ರಾತ್ರಿ ತಪ್ಪಿದರೆ ಆ ರೂಮಿನ ದುಡ್ಡು ಸಿಗದು.

ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲಿ. 9ನೇ ನಿಮಿಷದಲ್ಲಿ "ಮುಂಗಡ ವಾಪಸ್ ಇಲ್ಲ" ಎಂದರು. 17ನೇ ನಿಮಿಷದಲ್ಲಿ ಈ 10% ಲೆಕ್ಕ ಕೊಟ್ಟರು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಮೊದಲ ಮಾತೇ ಉಳಿದರೆ ನಾಳೆಯೇ ರದ್ದು ಮಾಡಿದರೂ ₹25,000 ಹೋಗುತ್ತದೆ. ಅಮ್ಮನ ಕಣ್ಣಿನ ಆಪರೇಷನ್ ದಿನ ಇನ್ನೂ ಗೊತ್ತಾಗಿಲ್ಲ, ಸುಮ್ನೆ ನಂಬಿ ದುಡ್ಡು ಹಾಕುವುದು ಬೇಡ. ಯಾವುದು ಸರಿ ಅಂತ ಇಮೇಲ್‌ನಲ್ಲಿ ಬರೆದು ಕೊಡಲು ಕೇಳಿದ್ದೇನೆ. ಅದು ಬಂದ ಮೇಲೆ ಮುಂಗಡ ಕಳಿಸ್ತೀನಿ. ಅಷ್ಟರೊಳಗೆ ಡಾಕ್ಟರ್ ಹತ್ತಿರ ದಿನಾಂಕ ಕೇಳಿ ನನಗೆ ಹೇಳು.