ವಿಷಯ: ಚಾನಲ್ ಗೊತ್ತಿಲ್ಲದಾಗ ಇನ್ಮೇಲೆ ಸರಳ ಬರಹದಲ್ಲೇ ಉತ್ತರ (ಸೋಮವಾರದಿಂದ)

ಎಲ್ಲರಿಗೂ ನಮಸ್ಕಾರ,

ನಮ್ಮ ರೈತ ಸಹಾಯ ಸೇವೆಗೆ ಬರುವ ಪ್ರಶ್ನೆಯ ಜೊತೆ `channel` ಖಾಲಿ ಇದ್ದರೆ, ಅಥವಾ ನಮಗೆ ಪರಿಚಯವಿಲ್ಲದ ಹೆಸರು ಇದ್ದರೆ, ಮಾಡೆಲ್ ಇಲ್ಲಿವರೆಗೂ ಪೂರ್ತಿ ಮಾರ್ಕ್‌ಡೌನ್‌ನಲ್ಲಿ ಉತ್ತರ ಕೊಡುತ್ತಿತ್ತು. ಸೋಮವಾರ ಬೆಳಿಗ್ಗೆಯಿಂದ ಅದು ಸರಳ ಬರಹದಲ್ಲಿ ಉತ್ತರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಬದಲಾಗುವುದು ಕೊನೆಯ ಸಾಲು ಅಷ್ಟೇ:

```
default_style:
  web: markdown
  whatsapp: whatsapp
  sms: plain_short
  voice: spoken
  unknown: plain
```

ಕಾರಣ ಹೇಳುತ್ತೇನೆ. ಚನ್ನಗಿರಿ ಕಡೆಯ ಒಂದು ಗೊಬ್ಬರದ ಅಂಗಡಿಯವರು ನಮ್ಮ ಸೇವೆಯನ್ನು ತಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಜೋಡಿಸಿಕೊಂಡಿದ್ದಾರೆ. ಅಲ್ಲಿನ ಪರದೆಗೆ ಮಾರ್ಕ್‌ಡೌನ್ ಅರ್ಥವಾಗುವುದಿಲ್ಲ. ಅವರು ಕಳಿಸಿದ ಫೋಟೋದಲ್ಲಿ ಉತ್ತರ ಹೀಗೆ ಕಾಣುತ್ತಿತ್ತು:

```
| ಬೆಳೆ | ಗೊಬ್ಬರ | ಯಾವಾಗ |
|---|---|---|
| **ಮೆಕ್ಕೆಜೋಳ** | ಯೂರಿಯಾ | 30 ದಿನ |
```

ಕೌಂಟರ್ ಮುಂದೆ ರೈತರು ಕಾಯುತ್ತಾ ನಿಂತಿರುತ್ತಾರೆ. ಅಂಗಡಿಯ ಹುಡುಗ ಈ ಗೆರೆ, ನಕ್ಷತ್ರಗಳ ನಡುವೆ ಉತ್ತರ ಹುಡುಕಬೇಕು. ಇದೇ ಮಾತನ್ನು ಒಂದು ಸಾಲಿನಲ್ಲಿ ಹೇಳಬಹುದು: "ಮೆಕ್ಕೆಜೋಳ ಬಿತ್ತಿ ಸುಮಾರು 30 ದಿನಕ್ಕೆ ಯೂರಿಯಾ ಮೇಲುಗೊಬ್ಬರ ಕೊಡಿ." ಇದು ಯಾವ ಪರದೆಯಲ್ಲಿದ್ದರೂ ಓದಲು ಬರುತ್ತದೆ. ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೂ ಅರ್ಥವಾಗುತ್ತದೆ.

ನನಗೆ ಮುಖ್ಯ ಅನಿಸಿದ್ದು ಇದು. ಮಾರ್ಕ್‌ಡೌನ್ ಬರುವ ಕಡೆ ಸರಳ ಬರಹ ಹೋದರೆ ಏನೂ ಕೆಡುವುದಿಲ್ಲ, ನೋಡಲು ಸ್ವಲ್ಪ ಸಪ್ಪೆ ಇರಬಹುದು. ಮಾರ್ಕ್‌ಡೌನ್ ಬಾರದ ಕಡೆ ಟೇಬಲ್ ಹೋದರೆ ಉತ್ತರವೇ ಹಾಳು. ಗೊತ್ತಿಲ್ಲದ ಜಾಗಕ್ಕೆ ಕಳಿಸುವಾಗ ಕಡಿಮೆ ನಷ್ಟದ ದಾರಿ ಹಿಡಿಯೋಣ.

ಎಸ್‌ಎಂಎಸ್ ಲೆಕ್ಕವೂ ಇದರಲ್ಲಿ ಸೇರಿದೆ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ ಬರೀ 70. ಅದಕ್ಕಿಂತ ಉದ್ದವಾದರೆ ಒಂದೊಂದು ಭಾಗಕ್ಕೆ 67. ಗುಣಿತದ ಚಿಹ್ನೆಯೂ ಬೇರೆಯಾಗಿ ಎಣಿಕೆಯಾಗುತ್ತದೆ. "ದಾವಣಗೆರೆ" ನಮ್ಮ ಕಣ್ಣಿಗೆ ಐದು ಅಕ್ಷರ, ಎಣಿಕೆಯಲ್ಲಿ 8. ಒಂದು ಪದವನ್ನು ದಪ್ಪ ಮಾಡಲು ನಾಲ್ಕು ನಕ್ಷತ್ರ ಹಾಕಿದರೆ ಅಷ್ಟು ಜಾಗ ಸುಮ್ನೆ ಹೋಯಿತು. ಕೆಲವು ಗ್ರಾಹಕರು ನಮ್ಮ ಉತ್ತರವನ್ನೇ ಮುಂದೆ ಎಸ್‌ಎಂಎಸ್ ಮಾಡುತ್ತಾರೆ, ಆದರೆ ನಮಗೆ ಚಾನಲ್ ಹೆಸರು ಕಳಿಸುವುದಿಲ್ಲ.

`plain` ಅಂದರೆ ಏನು ಅಂತ ಕೇಳುತ್ತೀರಿ. ಚಿಕ್ಕ ಪ್ಯಾರಾಗಳು, ನಡುವೆ ಒಂದು ಖಾಲಿ ಸಾಲು. ಟೇಬಲ್, ತಲೆಬರಹ, ಪಟ್ಟಿಯೊಳಗೆ ಪಟ್ಟಿ ಇರುವುದಿಲ್ಲ. ದಪ್ಪ ಅಕ್ಷರವೂ ಬೇಡ. ಕ್ರಮ ಹೇಳಬೇಕಾದರೆ "ಮೊದಲು", "ಆಮೇಲೆ", "ಕೊನೆಗೆ" ಅನ್ನುವ ಮಾತುಗಳೇ ಸಾಕು. ಹಂತಗಳು ಜಾಸ್ತಿ ಇದ್ದರೆ ಸಾಲಿನ ಮೊದಲಿಗೆ 1, 2, 3 ಹಾಕಬಹುದು, ಅದು ಎಲ್ಲಿಯೂ ಕೆಡುವುದಿಲ್ಲ. ಮಂಜಣ್ಣ ಹೋದ ವಾರ ಇದಕ್ಕೇ ಪಟ್ಟು ಹಿಡಿದಿದ್ದರು, ಅವರ ಮಾತು ಸರಿ.

ಕೋಡ್ ಮಾತ್ರ ಯಾವಾಗಲೂ ಕೋಡ್ ಬ್ಲಾಕ್‌ನಲ್ಲೇ ಇರಲಿ. ಜೋಡಣೆ ಮಾಡುವ ಡೆವಲಪರ್‌ಗಳು ನಮ್ಮ ಸೇವೆಯನ್ನೇ ಕೇಳಿ ಸೆಟ್ಟಿಂಗ್ ಬರೆಯುತ್ತಾರೆ. ಯಾಮಲ್‌ನಲ್ಲಿ ಒಂದು ಸ್ಪೇಸ್ ಆಚೀಚೆ ಆದರೂ ಕೆಲಸ ನಿಲ್ಲುತ್ತದೆ. ಬ್ಲಾಕ್‌ನ ಗುರುತು ಹಾಗೇ ಕಂಡರೂ ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ತಿಳಿಯುತ್ತದೆ.

ಇದು ಬರೀ ಡೀಫಾಲ್ಟ್, ಕಟ್ಟುಪಾಡು ಅಂದುಕೊಳ್ಳಬೇಡಿ. ಕೇಳಿದವರೇ ಟೇಬಲ್ ಬೇಕು ಅಂದರೆ ಕೊಡಬೇಕು. ಅವರೇ ಮಾರ್ಕ್‌ಡೌನ್‌ನಲ್ಲಿ ಬರೆಯುತ್ತಿದ್ದರೆ ಅವರ ಪರದೆಗೆ ಅದು ಬರುತ್ತದೆ ಅಂತ ಊಹಿಸಬಹುದು. "ಈ ನಕ್ಷತ್ರ ಯಾಕೆ ಬರ್ತಿದೆ?" ಅಂತ ಒಮ್ಮೆ ಕೇಳಿದರೆ, ಆ ಮಾತುಕತೆ ಮುಗಿಯುವವರೆಗೂ ಒಂದೂ ಚಿಹ್ನೆ ಬರಬಾರದು. ಈ ಮೂರೂ ಪ್ರಾಂಪ್ಟ್‌ನಲ್ಲಿ ಸೇರಿವೆ.

ವಾಟ್ಸಾಪ್ ನೋಡಿಕೊಳ್ಳುವವರಿಗೆ ಒಂದು ಮಾತು: ಅಲ್ಲಿ ದಪ್ಪ ಅಕ್ಷರಕ್ಕೆ `*ಹೀಗೆ*` ಒಂದೊಂದೇ ನಕ್ಷತ್ರ. `**ಹೀಗೆ**` ಬಂದರೆ ಪರೀಕ್ಷೆ ಫೇಲ್ ಆಗುವಂತೆ ಮಾಡಿದ್ದೇನೆ.

ಹೊಸ ಗ್ರಾಹಕರನ್ನು ಜೋಡಿಸುವವರು `channel` ತುಂಬಿಸಲು ದಯವಿಟ್ಟು ಬಿಡದೆ ಕೇಳಿ. ಅದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ಉತ್ತರಿಸಬಹುದು. ಹಳೇ ಗ್ರಾಹಕರಲ್ಲಿ ಯಾರಾದರೂ ಖಾಲಿ ಬಿಟ್ಟು, ಮಾರ್ಕ್‌ಡೌನ್ ನಂಬಿಕೊಂಡು ಪುಟ ಕಟ್ಟಿದ್ದರೆ ಅವರಿಗೆ ವ್ಯತ್ಯಾಸ ಕಾಣುತ್ತದೆ. ಹರಿಹರದ ಸೊಸೈಟಿಯವರು ಹಾಗೆ ಮಾಡಿರಬಹುದು ಅಂತ ನನ್ನ ಅನುಮಾನ, ಶುಕ್ರವಾರದೊಳಗೆ ಅವರಿಗೆ ಫೋನ್ ಮಾಡುತ್ತೇನೆ. ನಿಮ್ಮ ಗಮನದಲ್ಲಿ ಬೇರೆ ಯಾರಾದರೂ ಇದ್ದರೆ ಅಷ್ಟರೊಳಗೆ ಇದೇ ಮೇಲ್‌ಗೆ ಉತ್ತರಿಸಿ, ಅವರಿಗೆ `web` ಅಂತ ನಾನೇ ಹಾಕಿ ಇಡುತ್ತೇನೆ.

ಶಿಲ್ಪಾ
ಉತ್ತರ ಸೇವೆ ತಂಡ, ದಾವಣಗೆರೆ