ಹಿಯರಿಂಗ್ ಏಡ್ ಹಿಂಪಡೆದು ಹಣ ಮರಳಿಸುವಂತೆ ಕೋರಿ ದೂರುಪತ್ರ

ದಿನಾಂಕ: 28-04-2025
ನೋಂದಾಯಿತ ಅಂಚೆ, ಸ್ವೀಕೃತಿ ಸಹಿತ

ಇವರಿಗೆ,
ವ್ಯವಸ್ಥಾಪಕರು,
ಶ್ರವಣ ತಪಾಸಣೆ ಮತ್ತು ಹಿಯರಿಂಗ್ ಏಡ್ ಮಾರಾಟ ಕೇಂದ್ರ

ವಿಷಯ: ದಿನಾಂಕ 25-01-2025ರ ಬಿಲ್ ಸಂಖ್ಯೆ 1147ರ ಮೂಲಕ ಮಾರಾಟ ಮಾಡಿದ ಒಂದು ಜೊತೆ ಹಿಯರಿಂಗ್ ಏಡ್ ಬಳಕೆದಾರರ ಶ್ರವಣ ನಷ್ಟಕ್ಕೆ ಹೊಂದದೇ ಇರುವ ಬಗ್ಗೆ.

ಉಲ್ಲೇಖ: 1) ದಿನಾಂಕ 09-04-2025ರ ನನ್ನ ಪತ್ರ. 2) ದಿನಾಂಕ 21-04-2025ರ ತಮ್ಮ ಉತ್ತರ.

ಮಾನ್ಯರೇ,

ನನ್ನ ಮೊದಲ ಪತ್ರದಲ್ಲಿ ಏನು ನಡೆಯಿತು, ಯಾವಾಗ ನಡೆಯಿತು, ಯಾರ ಮೇಲೆ ದೂರು, ಏನು ಪರಿಹಾರ ಬೇಕು ಎಂಬುದು ಇಲ್ಲವೆಂದು ತಾವು ಉತ್ತರಿಸಿದ್ದೀರಿ. ಆ ಮಾತು ಸರಿ. ಪರಿಚಿತರೊಬ್ಬರಿಗೆ ಬಿಲ್ಲನ್ನಾಗಲಿ ರಿಪೋರ್ಟನ್ನಾಗಲಿ ತೋರಿಸದೆ "ಕಾನೂನು ಪ್ರಕಾರ ಒಂದು ದೂರು ಬರೆದುಕೊಡಿ" ಎಂದಷ್ಟೇ ಕೇಳಿದ್ದೆ. ಅವರು "ನಮಗೆ ಅನ್ಯಾಯವಾಗಿದೆ, ಕಾನೂನು ಕ್ರಮ ಜರುಗಿಸುತ್ತೇವೆ" ಎಂದು ಬರೆದುಕೊಟ್ಟರು, ನಾನು ಸಹಿ ಹಾಕಿ ಕಳಿಸಿದೆ. ಆ ಪತ್ರವನ್ನು ಹಿಂಪಡೆಯುತ್ತಿದ್ದೇನೆ. ಈ ಪತ್ರವನ್ನೇ ನನ್ನ ದೂರು ಎಂದು ಪರಿಗಣಿಸಬೇಕು.

ಬಿಲ್ಲು ನನ್ನ ಹೆಸರಿನಲ್ಲಿದೆ, ಹಣ ಕೊಟ್ಟವಳು ನಾನು. ಸಾಧನಗಳನ್ನು ಬಳಸಬೇಕಾದವರು 71 ವರ್ಷದ ನನ್ನ ತಾಯಿ. ಖರೀದಿದಾರರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(7) ಹೇಳುತ್ತದೆ. ಹಾಗಾಗಿ ಇದು ನಮ್ಮಿಬ್ಬರ ದೂರು.

ದಿನಾಂಕ 18-01-2025ರಂದು ತಮ್ಮ ಕೇಂದ್ರದಲ್ಲಿಯೇ ತಾಯಿಯವರ ಶ್ರವಣ ಪರೀಕ್ಷೆ ನಡೆಯಿತು. ತಮ್ಮ ಸಿಬ್ಬಂದಿ ಸಹಿ ಹಾಕಿ ಕೊಟ್ಟ ಆಡಿಯೋಗ್ರಾಂ ಪ್ರಕಾರ 500, 1000, 2000 ಮತ್ತು 4000 ಹರ್ಟ್ಜ್‌ಗಳ ಸರಾಸರಿ ಬಲಗಿವಿಯಲ್ಲಿ 70 ಡೆಸಿಬೆಲ್, ಎಡಗಿವಿಯಲ್ಲಿ 72 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ತೀವ್ರ ಶ್ರವಣ ನಷ್ಟ. ಅದೇ ವರದಿಯನ್ನು ಮುಂದಿಟ್ಟುಕೊಂಡು ತಮ್ಮ ಸಿಬ್ಬಂದಿ ಒಂದು ಮಾದರಿಯನ್ನು ಸೂಚಿಸಿ, "ಇವರಿಗೆ ಇದೇ ಸರಿಯಾದದ್ದು" ಎಂದರು. 25-01-2025ರಂದು ಪೂರ್ತಿ ಹಣ ಕೊಟ್ಟು ಎರಡೂ ಕಿವಿಗೆ ಕೊಂಡೆವು. ಬೇರೆ ಮಾದರಿಯನ್ನು ತೋರಿಸಲಿಲ್ಲ. ಹಾಕಿಕೊಂಡ ಮೇಲೆ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆಯನ್ನೂ ಮಾಡಲಿಲ್ಲ.

ಮೊದಲ ವಾರದಿಂದಲೇ ಮಾತು ತಿಳಿಯುತ್ತಿರಲಿಲ್ಲ. 03-02-2025ರಂದು, ಅಂದರೆ ಖರೀದಿಯ ಒಂಬತ್ತನೇ ದಿನ, ಸಾಧನಗಳನ್ನು ತಂದು ಬದಲಿಸಿಕೊಡಿ ಅಥವಾ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದೆವು. "ಅಭ್ಯಾಸವಾಗಬೇಕು, ಕೆಲವು ವಾರ ಹಿಡಿಯುತ್ತದೆ" ಎಂಬ ಉತ್ತರ ಬಂತು. ಹೊಸದಾಗಿ ಹಾಕಿಕೊಳ್ಳುವವರಿಗೆ ಅಭ್ಯಾಸದ ಅವಧಿ ಬೇಕೆಂಬುದು ನಿಜವಾದ್ದರಿಂದ ನಂಬಿ ಹಿಂದಿರುಗಿದೆವು. 17-02-2025ರಂದು ಮತ್ತೆ ಬಂದಾಗ ಧ್ವನಿಯನ್ನು ಗರಿಷ್ಠ ಮಟ್ಟಕ್ಕೆ ಏರಿಸಿಕೊಟ್ಟರು. ಅಂದಿನಿಂದ ಎರಡೂ ಸಾಧನ ಸಿಳ್ಳೆ ಹೊಡೆಯತೊಡಗಿದವು. ಇಯರ್ ಮೋಲ್ಡ್‌ನ ಸಂದಿಯಿಂದ ಸೋರಿದ ಶಬ್ದವನ್ನು ಸಾಧನದ ಮೈಕ್ ಮತ್ತೆ ಹಿಡಿದುಕೊಂಡರೆ ಹೀಗಾಗುತ್ತದೆ ಎಂದು ವಿವರಿಸಿದವರೂ ತಮ್ಮ ಸಿಬ್ಬಂದಿಯೇ. 10-03-2025ರಂದು ಮೂರನೇ ಬಾರಿ ಬಂದು ಹಣ ಮರಳಿಸಿ ಎಂದಾಗ, ಮಾರಿದ ವಸ್ತುವನ್ನು ಹಿಂಪಡೆಯುವುದಿಲ್ಲ ಎಂದು ಗೋಡೆಯ ಮೇಲಿನ ಫಲಕವನ್ನು ತೋರಿಸಿದರು.

ಕಾರಣ ಗೊತ್ತಾದದ್ದು 02-04-2025ರಂದು. ತಮ್ಮ ಕೇಂದ್ರಕ್ಕೆ ಸಂಬಂಧವಿಲ್ಲದ ಆಡಿಯಾಲಜಿಸ್ಟ್ ಒಬ್ಬರು ಕಿವಿಗಳನ್ನು ಪುನಃ ಪರೀಕ್ಷಿಸಿದರು. ಅವರಿಗೆ ಬಂದ ಸಂಖ್ಯೆಗಳು ತಮ್ಮ ಆಡಿಯೋಗ್ರಾಂನ ಸಂಖ್ಯೆಗಳಿಗೆ ಹೊಂದುತ್ತವೆ, ಆದ್ದರಿಂದ ತಮ್ಮ ಪರೀಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಆನಂತರ ಅವರು ಪೆಟ್ಟಿಗೆಯಲ್ಲಿದ್ದ ಕಿರುಪುಸ್ತಕವನ್ನು ತೆರೆದು ತೋರಿಸಿದರು. ಈ ಮಾದರಿ 60 ಡೆಸಿಬೆಲ್‌ವರೆಗಿನ ನಷ್ಟಕ್ಕೆ ಮಾತ್ರ ಎಂದು ತಯಾರಕರೇ ಮುದ್ರಿಸಿದ್ದಾರೆ. 70 ಮತ್ತು 72 ಎಂದು ತಾವೇ ಬರೆದುಕೊಟ್ಟ ಕಿವಿಗಳಿಗೆ 60ರ ಮಿತಿಯ ಸಾಧನವನ್ನು ತಾವೇ ಮಾರಿದ್ದೀರಿ. ನನ್ನ ದೂರಿನ ತಿರುಳು ಇದು. ಎಷ್ಟು ತಿಂಗಳು ಅಭ್ಯಾಸ ಮಾಡಿದರೂ ಆ ಅಂತರ ತುಂಬುವುದಿಲ್ಲ.

ಇದರಿಂದ ಆದ ತೊಂದರೆಯನ್ನೂ ದಾಖಲಿಸಬೇಕಾಗಿದೆ. ಮಾರ್ಚ್ ತಿಂಗಳಲ್ಲಿ ವೈದ್ಯರು "ಅರ್ಧ ಮಾತ್ರೆ" ಎಂದದ್ದು ತಾಯಿಗೆ "ಎರಡು ಮಾತ್ರೆ" ಎಂದು ಕೇಳಿಸಿತ್ತು. ನಾನು ಪಕ್ಕದಲ್ಲಿದ್ದೆ, ಸರಿಪಡಿಸಿದೆ. ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಭಯವಾಗುತ್ತದೆ. ದಿನಕ್ಕೆರಡು ಬಾರಿ ತಂಗಿಯೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದವರು ಈಗ ಫೋನನ್ನು ಮುಟ್ಟುವುದಿಲ್ಲ. ಸಾಧನ ಬಂದರೆ ಎಲ್ಲ ಸರಿಹೋಗುತ್ತದೆಂದು ಕಾದಿದ್ದ ಅವರು, ತಪ್ಪು ತಮ್ಮ ಕಿವಿಯದ್ದೇ ಇರಬೇಕೆಂದು ಸುಮ್ಮನಾಗಿದ್ದಾರೆ. ಅವರ ತಪ್ಪೇನೂ ಇಲ್ಲವೆಂದು ಬರಹದಲ್ಲಿ ಬರಬೇಕೆಂಬುದು ನನಗೆ ಹಣದಷ್ಟೇ ಮುಖ್ಯ.

ಸಂಬಂಧಪಟ್ಟ ಮಾಹಿತಿಯನ್ನು ಗ್ರಾಹಕರಿಂದ ಉದ್ದೇಶಪೂರ್ವಕವಾಗಿ ತಡೆಹಿಡಿಯುವುದು ಕಲಂ 2(11)ರ ಅಡಿಯಲ್ಲಿ ಸೇವಾ ನ್ಯೂನತೆಗೆ ಸೇರುತ್ತದೆ. ತಯಾರಕರ ಮಿತಿಯೂ ತಾಯಿಯವರ ವರದಿಯೂ ಕೈಯಲ್ಲಿದ್ದಾಗ ಅದನ್ನು ಹೇಳದಿರುವುದು ಇದೇ ವರ್ಗದ್ದೆಂಬುದು ನನ್ನ ನಿಲುವು. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಕಲಂ 2(47) ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ತಮ್ಮ ಬಿಲ್ಲಿನಲ್ಲಿ ಯಾವ ಅವಧಿಯೂ ಇಲ್ಲ, ನಾವು ಬಂದದ್ದು ಒಂಬತ್ತನೇ ದಿನ. ಗೋಡೆಯ ಫಲಕ ಕಾಯ್ದೆಯನ್ನು ಮೀರಲಾರದು.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ತಾವು ಎರಡೂ ಸಾಧನಗಳನ್ನು ಹಿಂಪಡೆದು, ಬಿಲ್ ಸಂಖ್ಯೆ 1147ರಲ್ಲಿರುವ ಪೂರ್ತಿ ಮೊತ್ತವನ್ನು ಯಾವ ಕಡಿತವೂ ಇಲ್ಲದೆ ನನ್ನ ಬ್ಯಾಂಕ್ ಖಾತೆಗೆ ಮರಳಿಸಬೇಕು. ಎರಡನೇ ಪರೀಕ್ಷೆಗೆ ನಾನು ಕೊಟ್ಟ ಶುಲ್ಕವನ್ನು ಲಗತ್ತಿಸಿದ ರಸೀದಿಯಂತೆ ತುಂಬಿಕೊಡಬೇಕು. ಮಾರಿದ ಮಾದರಿ ತಾಯಿಯವರ ಶ್ರವಣ ನಷ್ಟಕ್ಕೆ ಹೊಂದುವಂಥದ್ದಾಗಿರಲಿಲ್ಲ ಎಂದು ಲಿಖಿತವಾಗಿ ತಿಳಿಸಬೇಕು. ಹಣದ ಬದಲು ಹೆಚ್ಚಿನ ಸಾಮರ್ಥ್ಯದ ಬೇರೆ ಸಾಧನ ಕೊಡುವ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ, ಮೂರು ಭೇಟಿಗಳ ನಂತರ ಆ ವಿಶ್ವಾಸ ಉಳಿದಿಲ್ಲ. ಸಿಬ್ಬಂದಿಯ ಮೇಲೆ ವೈಯಕ್ತಿಕ ಕ್ರಮ ನನಗೆ ಬೇಕಿಲ್ಲ. ಅವರು ಪ್ರತಿ ಬಾರಿಯೂ ಸೌಜನ್ಯದಿಂದಲೇ ನಡೆದುಕೊಂಡಿದ್ದಾರೆ.

ಗಡುವಿನೊಳಗೆ ಇದು ಆಗದಿದ್ದರೆ ಕಲಂ 35ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಅಲ್ಲಿ ಮೇಲಿನ ಮೊತ್ತಗಳ ಜೊತೆಗೆ ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ ಮತ್ತು ವ್ಯಾಜ್ಯದ ವೆಚ್ಚವನ್ನೂ ಕೋರುತ್ತೇನೆ. ದೂರು ಸಲ್ಲಿಸಲು ಕಲಂ 69 ಕೊಡುವ ಎರಡು ವರ್ಷಗಳಲ್ಲಿ ಇನ್ನೂ ಒಂದೂವರೆ ವರ್ಷಕ್ಕಿಂತ ಹೆಚ್ಚು ಉಳಿದಿದೆ.

ಸಾಧನಗಳು ಪೆಟ್ಟಿಗೆ, ಚಾರ್ಜರ್ ಮತ್ತು ವಾರಂಟಿ ಕಾರ್ಡ್ ಸಮೇತ ಸುರಕ್ಷಿತವಾಗಿವೆ. 02-04-2025ರಿಂದ ಬಳಸಿಲ್ಲ. ತಾವು ತಿಳಿಸಿದ ದಿನ ನಾನೇ ತಂದು ಒಪ್ಪಿಸಿ ಸ್ವೀಕೃತಿ ಪಡೆಯುತ್ತೇನೆ. ಉತ್ತರವನ್ನು ದಯವಿಟ್ಟು ಲಿಖಿತವಾಗಿಯೇ ಕೊಡಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬಿಲ್ ಸಂಖ್ಯೆ 1147ರ ಖರೀದಿದಾರೆ,
ತನ್ನ ಪರವಾಗಿ ಮತ್ತು ತಾಯಿಯವರ ಪರವಾಗಿ

ಲಗತ್ತುಗಳು (ಎಲ್ಲವೂ ಜೆರಾಕ್ಸ್ ಪ್ರತಿ, ಮೂಲ ನನ್ನ ಬಳಿ ಇದೆ): 18-01-2025ರ ಆಡಿಯೋಗ್ರಾಂ, ಬಿಲ್, ಕಿರುಪುಸ್ತಕದ ಸಂಬಂಧಿತ ಪುಟ, 02-04-2025ರ ವರದಿ ಮತ್ತು ರಸೀದಿ, ತಾಯಿಯವರ ಒಪ್ಪಿಗೆ ಪತ್ರ.